ಪ್ರೇಕ್ಷಕರ ಸಮೀಕ್ಷೆ: 120 ಕರೆಗಳಷ್ಟೇ ಸಾಧ್ಯ, ಯಾರನ್ನು ಆರಿಸಿಕೊಳ್ಳುವುದು?

ನೇಪಥ್ಯ

ನಮ್ಮದು ಪುಟ್ಟ ಹವ್ಯಾಸಿ ರಂಗತಂಡ. ಕಳೆದ ಒಂದು ವರ್ಷದಲ್ಲಿ ಟಿಕೆಟ್ ಕಾಯ್ದಿರಿಸಿದವರ ಪಟ್ಟಿ ಕೈಯಲ್ಲಿದೆ. ಒಟ್ಟು 1,800 ಹೆಸರು, ಎಲ್ಲರ ಫೋನ್ ಸಂಖ್ಯೆಯೂ ಇದೆ. ಇವರಲ್ಲಿ 1,080 ಮಂದಿ ಒಂದೇ ಬಾರಿ ಬಂದವರು, 540 ಮಂದಿ ಎರಡು ಮೂರು ಬಾರಿ ಬಂದವರು, ಉಳಿದ 180 ಮಂದಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಾರಿ ಬಂದವರು.

ನಮಗೆ ತಿಳಿಯಬೇಕಾದದ್ದು ಎರಡೇ ಸಂಗತಿ. ಒಮ್ಮೆ ಬಂದವರು ಮತ್ತೆ ಏಕೆ ಬರುವುದಿಲ್ಲ? ಪ್ರದರ್ಶನವನ್ನು ಒಂದು ಗಂಟೆ ಮುಂಚೆ ಆರಂಭಿಸಿದರೆ ಎಷ್ಟು ಜನರಿಗೆ ಅನುಕೂಲ? ಹಣ ಕೊಟ್ಟು ಸಮೀಕ್ಷೆ ಮಾಡಿಸುವ ಶಕ್ತಿ ಇಲ್ಲ. ತಂಡದ ಹುಡುಗರೇ ಫೋನ್ ಮಾಡಬೇಕು. ಹತ್ತು ನಿಮಿಷದ ಮಾತುಕತೆ ಎಂದರೆ 120 ಜನರನ್ನು ಮುಗಿಸಬಹುದು, ಅದಕ್ಕಿಂತ ಹೆಚ್ಚು ಆಗುವುದಿಲ್ಲ.

ತಂಡದಲ್ಲಿ ಮೂರು ಅಭಿಪ್ರಾಯಗಳಿವೆ. ಬೇರೆಬೇರೆ ಬಗೆಯ ಹತ್ತಾರು ಪ್ರೇಕ್ಷಕರನ್ನು ನಾವೇ ಆರಿಸಿ ಕುಳಿತು ಮಾತನಾಡಿಸೋಣ ಎನ್ನುತ್ತಾರೆ ನಿರ್ದೇಶಕರು. ಕಾಯಂ ಪ್ರೇಕ್ಷಕರ ವಾಟ್ಸ್ಆ್ಯಪ್ ಗುಂಪಿಗೆ ಒಂದು ಪ್ರಶ್ನಾವಳಿಯ ಅರ್ಜಿ ಹಾಕಿದರೆ ಅವರು ತಮ್ಮ ಪರಿಚಯದವರಿಗೆ ದಾಟಿಸುತ್ತಾರೆ, 300 ಉತ್ತರ ಸುಲಭವಾಗಿ ಬರುತ್ತದೆ ಎನ್ನುವುದು ಇನ್ನೊಬ್ಬರ ವಾದ. ಸಂಖ್ಯಾಶಾಸ್ತ್ರ ಓದಿದ ಗೆಳತಿಯೊಬ್ಬಳು ಪಟ್ಟಿಯನ್ನು ಗುಂಪುಗಳಾಗಿ ವಿಂಗಡಿಸಿ ಪ್ರತಿ ಗುಂಪಿನಿಂದಲೂ ಚೀಟಿ ಎತ್ತುವ ಸ್ತರೀಕೃತ ಮಾದರಿ ಬಿಟ್ಟು ಬೇರೇನೂ ಬೇಡ ಎಂದು ಪಟ್ಟು ಹಿಡಿದಿದ್ದಾಳೆ. ಅನುಭವ ಇರುವವರು ದಯವಿಟ್ಟು ಹೇಳಿ.

ದಾರಿಹೋಕ

300 ಉತ್ತರ ಕೂತಲ್ಲೇ ಸಿಗುವಾಗ 120 ಕರೆಗಳಿಗೆ ಏಕೆ ಒದ್ದಾಡಬೇಕು? ಮಾದರಿ ದೊಡ್ಡದಾದಷ್ಟೂ ತಪ್ಪು ಚಿಕ್ಕದಾಗುತ್ತದೆ. ಅರ್ಜಿ ಹಂಚಿಬಿಡಿ.

ಸಾಲುದೀಪ

ಎಷ್ಟು ಉತ್ತರ ಎನ್ನುವುದಕ್ಕಿಂತ ಯಾರ ಉತ್ತರ ಎನ್ನುವುದು ಮುಖ್ಯವಲ್ಲವೇ?

ಎಣಿಕೆಪುಸ್ತಕ

ದಾರಿಹೋಕ ಅವರ ಮಾತು ಅರ್ಧ ಸರಿ. ಚೀಟಿ ಎತ್ತಿ ಆರಿಸಿದ ಮಾದರಿಯಾದರೆ ಸಂಖ್ಯೆ ಹೆಚ್ಚಿದಷ್ಟೂ ಏರುಪೇರು ಇಳಿಯುತ್ತದೆ. ಆಯ್ಕೆಯೇ ಒಂದು ಕಡೆಗೆ ವಾಲಿದ್ದರೆ ಆ ವಾಲು ಸಂಖ್ಯೆಯಿಂದ ಸರಿಹೋಗುವುದಿಲ್ಲ. ತಪ್ಪು ಉತ್ತರದ ಮೇಲೆ ನಮ್ಮ ನಂಬಿಕೆ ಮಾತ್ರ ಗಟ್ಟಿಯಾಗುತ್ತದೆ. 1936ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯ ಮುನ್ನ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಣಕು ಮತಚೀಟಿ ಕಳುಹಿಸಿತು. 20 ಲಕ್ಷಕ್ಕೂ ಹೆಚ್ಚು ಚೀಟಿಗಳು ಮರಳಿ ಬಂದವು. ಅವನ್ನು ಎಣಿಸಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಬರೆಯಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ ಶೇ 60ಕ್ಕಿಂತ ಹೆಚ್ಚು ಮತ ಪಡೆದು. ಹೆಸರುಗಳನ್ನು ತೆಗೆದುಕೊಂಡದ್ದು ಮುಖ್ಯವಾಗಿ ಟೆಲಿಫೋನ್ ಮತ್ತು ಕಾರು ಇದ್ದವರ, ಅಂದರೆ ಆಗಿನ ಕಾಲದ ಉಳ್ಳವರ ಪಟ್ಟಿಗಳಿಂದ. ಮೇಲಾಗಿ, ಚೀಟಿ ತುಂಬಿ ಮರಳಿಸುವ ಹುರುಪು ಲ್ಯಾಂಡನ್ ಪರ ಇದ್ದವರಲ್ಲಿ ಹೆಚ್ಚಿತ್ತು.

ನೇಪಥ್ಯ ಅವರೇ, ನಿಮ್ಮ ಅರ್ಜಿ ಹೊರಡುವುದು ಯಾರಿಂದ ಎಂದು ಗಮನಿಸಿ. ಆ 180 ಕಾಯಂ ಪ್ರೇಕ್ಷಕರಿಂದ. ಅವರು ಯಾರಿಗೆ ದಾಟಿಸುತ್ತಾರೆ? ನಾಟಕದ ಬಗ್ಗೆ ತಮ್ಮೊಂದಿಗೆ ಮಾತನಾಡುವ ಗೆಳೆಯರಿಗೆ. ಒಮ್ಮೆ ಬಂದು ಹೋದವರು ಆ ಬಳಗದಲ್ಲಿ ಇರುವ ಸಾಧ್ಯತೆ ತೀರ ಕಡಿಮೆ. ಅಂದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಕೊಡಬೇಕಾದವರೇ 300ರಲ್ಲಿ ಸಿಗುವುದಿಲ್ಲ. ಎರಡನೆಯ ಪ್ರಶ್ನೆಗೆ ಉತ್ತರ ಸಿಗುತ್ತದೆ, ಆದರೆ ಅದು ಈಗಿನ ಸಮಯಕ್ಕೆ ಹೊಂದಿಕೊಂಡಿರುವವರ ಉತ್ತರ. ಈಗಿನ ಸಮಯವೇ ಚೆನ್ನಾಗಿದೆ ಎಂದು ಬಹುಮತದಿಂದ ತೀರ್ಮಾನವಾಗುತ್ತದೆ.

ಕಿವಿಮಾತು

ಒಬ್ಬರಿಂದ ಅವರ ಪರಿಚಯದವರಿಗೆ ದಾಟುತ್ತಾ ಹೋಗುವ ಈ ಸ್ನೋಬಾಲ್ ವಿಧಾನ ಎಂದರೆ ಎಲ್ಲರೂ ಹೀಗೆ ತಳ್ಳಿಹಾಕುವುದನ್ನು ಕಂಡಿದ್ದೇನೆ. ನಾನು ಒಂದು ಪಾಡ್‌ಕಾಸ್ಟ್ ನಡೆಸುತ್ತೇನೆ. ನನ್ನ ಬಳಿ ಪಟ್ಟಿಯೇ ಇಲ್ಲ. ಕೇಳುಗರು ಯಾರು, ಎಲ್ಲಿದ್ದಾರೆ, ಒಂದೂ ಗೊತ್ತಿಲ್ಲ. ಡೌನ್‌ಲೋಡ್ ಸಂಖ್ಯೆ ಬಿಟ್ಟರೆ ಕೈಗೆ ಏನೂ ಬರುವುದಿಲ್ಲ. ಪರಿಚಯದ ಕೇಳುಗರಿಂದ ಅವರ ಪರಿಚಯದ ಕೇಳುಗರನ್ನು ಹಿಡಿದುಕೊಂಡು ಹೋಗುವುದು ಬಿಟ್ಟು ನನಗೆ ಬೇರೆ ದಾರಿ ಯಾವುದು? ಸ್ತರ ಮಾಡಬೇಕಾದರೆ ಮೊದಲು ಪಟ್ಟಿ ಬೇಕು. ಪಟ್ಟಿ ಇರುವವರ ಶಾಸ್ತ್ರ ಅದು.

ಎಣಿಕೆಪುಸ್ತಕ

ಕಿವಿಮಾತು ಅವರೇ, ನಿಮ್ಮ ಆಕ್ಷೇಪ ನ್ಯಾಯವಾದದ್ದು. ಪಟ್ಟಿ ಇಲ್ಲದ ಕಡೆ ಸ್ನೋಬಾಲ್ ಬಿಟ್ಟರೆ ಗತಿಯಿಲ್ಲ, ನಾನು ಅದನ್ನು ತಳ್ಳಿಹಾಕುತ್ತಿಲ್ಲ. ಪಟ್ಟಿ ಕೈಯಲ್ಲಿಟ್ಟುಕೊಂಡು ಅದನ್ನು ಬದಿಗಿಡುವುದಕ್ಕೆ ಮಾತ್ರ ನನ್ನ ವಿರೋಧ.

ನೀವು ಮಾಡುವಾಗಲೂ ಸರಪಳಿಯ ಲೆಕ್ಕ ಇಡಬೇಕು. ಆರಂಭಕ್ಕೆ ಒಬ್ಬರಿಗೊಬ್ಬರು ಪರಿಚಯವಿಲ್ಲದ, ಬೇರೆಬೇರೆ ವಯಸ್ಸಿನ, ಬೇರೆಬೇರೆ ಕೆಲಸದ ಐದಾರು ಕೇಳುಗರನ್ನು ಹಿಡಿಯಿರಿ. ಪ್ರತಿಯೊಬ್ಬರಿಗೂ ಬೇರೆ ಸಂಕೇತ ಸಂಖ್ಯೆ ಕೊಡಿ, ಮೂವರಿಗಿಂತ ಹೆಚ್ಚು ಜನರಿಗೆ ದಾಟಿಸಬೇಡಿ ಎಂದು ಹೇಳಿ. ಹೀಗೆ ಮಿತಿ ಹಾಕದಿದ್ದರೆ ಸ್ನೇಹಿತರು ಹೆಚ್ಚಿರುವ ಒಬ್ಬರೇ ಇಡೀ ಮಾದರಿಯನ್ನು ತುಂಬಿಬಿಡುತ್ತಾರೆ. ಸಮಾಜಶಾಸ್ತ್ರಜ್ಞ ಹೆಕಥಾರ್ನ್ 1997ರಲ್ಲಿ ರೂಪಿಸಿದ ವಿಧಾನದ ತಿರುಳು ಇದೇ. ಅದರಲ್ಲಿ ಕೂಪನ್‌ಗಳಿಗೆ ಮಿತಿ ಇರುತ್ತದೆ, ಯಾರು ಯಾರನ್ನು ಕರೆತಂದರು ಎಂಬ ದಾಖಲೆ ಇರುತ್ತದೆ. ಜೊತೆಗೆ ‘ನಿಮಗೆ ಗೊತ್ತಿರುವ ಕೇಳುಗರು ಎಷ್ಟು ಮಂದಿ’ ಎಂದು ಕೇಳಿ, ಹೆಚ್ಚು ಪರಿಚಯ ಇರುವವರ ಉತ್ತರಕ್ಕೆ ಕಡಿಮೆ ತೂಕ ಕೊಡುತ್ತಾರೆ. ಅವರು ಸರಪಳಿಗೆ ಸಿಕ್ಕಿಬೀಳುವ ಸಾಧ್ಯತೆಯೇ ಹೆಚ್ಚು ಎನ್ನುವುದು ಅದಕ್ಕೆ ಕಾರಣ.

ಸರಪಳಿ ಸಿಕ್ಕಿಕೊಂಡಿದೆಯೋ ಇಲ್ಲವೋ ತಿಳಿಯಲು ಸುತ್ತುಗಳನ್ನು ಬೇರೆ ಮಾಡಿ ನೋಡಿ. ಮೊದಲ ಸುತ್ತಿನಲ್ಲಿ ಎಲ್ಲರೂ ಕಾಲೇಜಿನವರು, ಮೂರನೆಯ ಸುತ್ತಿನಲ್ಲೂ ಎಲ್ಲರೂ ಕಾಲೇಜಿನವರು ಎಂದಾದರೆ ಅದು ಒಂದೇ ಬಳಗದೊಳಗೆ ಸುತ್ತುತ್ತಿದೆ. ಸುತ್ತು ಮುಂದುವರಿದಂತೆ ಜನರ ಬಗೆ ಬದಲಾಗುತ್ತಾ ಹೋಗಿ, ಆಮೇಲೆ ಒಂದು ಕಡೆ ನೆಲೆಗೊಂಡರೆ ಸ್ವಲ್ಪ ಧೈರ್ಯ ತಾಳಬಹುದು.

ಕಿವಿಮಾತು

ಸಂಕೇತ ಸಂಖ್ಯೆ ಒಳ್ಳೆಯ ಉಪಾಯ, ಮಾಡುತ್ತೇನೆ. ಆದರೆ ಗೊತ್ತಿರುವ ಕೇಳುಗರು ಎಷ್ಟು ಎಂದು ಕೇಳಿದರೆ ಜನ ಬಾಯಿಗೆ ಬಂದ ಸಂಖ್ಯೆ ಹೇಳುತ್ತಾರೆ. ಅದರ ಮೇಲೆ ತೂಕ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ.

ಮುಂಜಾವು

ನಾನು ಸಂದರ್ಶನ ಮಾಡಿಯೇ ಬದುಕುವವಳು, ಹಾಗಾಗಿ ನಿರ್ದೇಶಕರ ಪರವಾಗಿ ಒಂದು ಮಾತು. ನೇಪಥ್ಯ ಅವರೇ, ನಿಮ್ಮ ಎರಡು ಪ್ರಶ್ನೆಗಳು ಒಂದೇ ಜಾತಿಯವಲ್ಲ. ‘ಎಷ್ಟು ಜನರಿಗೆ ಅನುಕೂಲ’ ಎನ್ನುವುದು ಎಣಿಸುವ ಪ್ರಶ್ನೆ. ‘ಏಕೆ ಬರುವುದಿಲ್ಲ’ ಎನ್ನುವುದಕ್ಕೆ ಇರಬಹುದಾದ ಉತ್ತರಗಳೇ ನಿಮಗೆ ಇನ್ನೂ ಗೊತ್ತಿಲ್ಲ. ಗೊತ್ತಿಲ್ಲದ ಕಾರಣಗಳನ್ನು ಪ್ರಶ್ನಾವಳಿಯಲ್ಲಿ ಆಯ್ಕೆಗಳಾಗಿ ಹಾಕುವುದು ಹೇಗೆ? ನೀವು ಊಹಿಸಿದ ಐದು ಕಾರಣ ಬರೆದು ‘ಇತರೆ’ ಎಂದು ಕೊನೆಗೆ ಸೇರಿಸಿದರೆ, ಜನ ಆ ಐದರಲ್ಲೇ ಒಂದನ್ನು ಹೇಳಿ ಫೋನ್ ಇಡುತ್ತಾರೆ.

ಆದ್ದರಿಂದ ಮೊದಲು ಉದ್ದೇಶಪೂರ್ವಕ ಆಯ್ಕೆ ಮಾಡಿ. ಒಮ್ಮೆ ಮಾತ್ರ ಬಂದವರಲ್ಲೇ ಒಬ್ಬರಿಗಿಂತ ಒಬ್ಬರು ಭಿನ್ನವಾಗಿರುವವರನ್ನು ಹುಡುಕಿ. ಒಬ್ಬರೇ ಬಂದವರು, ಮಕ್ಕಳೊಂದಿಗೆ ಬಂದವರು, ದೂರದಿಂದ ಬಂದವರು, ಮಧ್ಯಂತರದಲ್ಲಿ ಎದ್ದುಹೋದವರು, ನಟರೊಬ್ಬರ ಸಂಬಂಧಿ ಎಂಬ ಕಾರಣಕ್ಕೆ ಬಂದವರು. ಈ ಕೊನೆಯವರನ್ನು ಬಿಡಬೇಡಿ. ಅವರು ನಾಟಕಕ್ಕೆ ಬಂದವರೇ ಅಲ್ಲ, ನೆಂಟರನ್ನು ನೋಡಲು ಬಂದವರು. ನಿಮ್ಮ 1,080ರಲ್ಲಿ ಅಂಥವರು ಎಷ್ಟಿದ್ದಾರೆ ಎಂಬುದೇ ಒಂದು ದೊಡ್ಡ ಸಂಗತಿಯಾಗಬಹುದು.

ಪ್ರತಿ ಮಾತುಕತೆಯ ನಂತರ ಹೊಸದಾಗಿ ಬಂದ ಕಾರಣಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸತತವಾಗಿ ಮೂರು ಮಾತುಕತೆಗಳಲ್ಲಿ ಹೊಸ ಕಾರಣ ಬರದಿದ್ದರೆ ನಿಲ್ಲಿಸಿ. ಸಾಮಾನ್ಯವಾಗಿ ಹತ್ತು ಹನ್ನೆರಡಕ್ಕೆ ಅಲ್ಲಿಗೆ ತಲುಪುತ್ತೀರಿ.

ಸಾಲುದೀಪ

ಈ 12 ಎನ್ನುವ ಸಂಖ್ಯೆಯನ್ನು ಎಲ್ಲ ಕಡೆ ಕೇಳುತ್ತೇನೆ. ಎಲ್ಲಿಂದ ಬಂತು?

ಮುಂಜಾವು

ಗೆಸ್ಟ್, ಬನ್ಸ್ ಮತ್ತು ಜಾನ್ಸನ್ ಅವರ 2006ರ ಲೇಖನದಿಂದ. ಘಾನಾ ಮತ್ತು ನೈಜೀರಿಯಾದ 60 ಮಹಿಳೆಯರ ಸಂದರ್ಶನಗಳನ್ನು ವಿಶ್ಲೇಷಿಸುತ್ತಾ ಹೋದಾಗ, ಹೊಸ ಅಂಶಗಳ ಬಹುಪಾಲು ಮೊದಲ 12ರಲ್ಲೇ ಹೊರಬಂದಿದ್ದವು. ಆದರೆ ಅವರು ಹೆಚ್ಚುಕಡಿಮೆ ಒಂದೇ ಬಗೆಯ ಜನ, ಎಲ್ಲರಿಗೂ ಕೇಳಿದ್ದು ಒಂದೇ ಪ್ರಶ್ನೆಗಳು. ಜನ ಬಹಳ ಭಿನ್ನರಾಗಿದ್ದರೆ 12 ಸಾಲದು. ಅದನ್ನು ನಿಯಮ ಮಾಡಿಕೊಂಡವರು ಆ ಲೇಖನದ ಷರತ್ತುಗಳನ್ನು ಬಿಟ್ಟು ಓದಿದ್ದಾರೆ.

ದಾರಿಹೋಕ

ಸರಿ, 12 ಜನರ ಜೊತೆ ಮಾತನಾಡಿದರು, 8 ಮಂದಿ ಸಮಯವೇ ತೊಂದರೆ ಎಂದರು ಎಂದಿಟ್ಟುಕೊಳ್ಳಿ. ಮೂರನೆಯ ಎರಡು ಭಾಗ! ಮತ್ತೆ 120 ಕರೆ ಏಕೆ?

ಮುಂಜಾವು

ಆ 12 ಜನರನ್ನು ಭಿನ್ನರಾಗಿರಲಿ ಎಂದೇ ನಾವು ಹೆಕ್ಕಿ ತಂದಿದ್ದೇವೆ. ಪಟ್ಟಿಯಲ್ಲಿ ಅಪರೂಪವಾಗಿರುವವರೂ ಹೆಚ್ಚಾಗಿರುವವರೂ ಅಲ್ಲಿ ಒಬ್ಬೊಬ್ಬರೇ ಇರುತ್ತಾರೆ. ಅದರಲ್ಲಿ 8 ಎನ್ನುವುದು ನಮ್ಮ ಹೆಕ್ಕುವಿಕೆಯ ಪ್ರತಿಬಿಂಬವೇ ಹೊರತು ಪ್ರೇಕ್ಷಕರದ್ದಲ್ಲ. ಯಾವ ಯಾವ ಕಾರಣಗಳಿವೆ ಎಂದು ಹೇಳಬಹುದು. ಯಾವುದು ಎಷ್ಟು ಎಂದು ಹೇಳಲಾಗದು.

ಪಟ್ಟಿಗಾರ

ಇಷ್ಟೊಂದು ತಲೆಕೆಡಿಸಿಕೊಳ್ಳುವ ಅಗತ್ಯ ಕಾಣುವುದಿಲ್ಲ. ಒಂದು ವಸ್ತುಪ್ರದರ್ಶನಕ್ಕೆ ನಾವು ಸ್ತರೀಕೃತ ಸಮೀಕ್ಷೆಯನ್ನೇ ಮಾಡಿದೆವು. ಬಾಗಿಲಲ್ಲಿ ನಿಂತು ಯುವಕರು 40, ನಡುವಯಸ್ಸಿನವರು 40, ಹಿರಿಯರು 40 ಎಂದು ಲೆಕ್ಕ ತುಂಬುವವರೆಗೆ ಕೇಳಿದೆವು. ಅರ್ಧ ದಿನದ ಕೆಲಸ. ಸಂದೇಹವಿದ್ದರೆ ಕೊನೆಗೆ ಮಾದರಿಯ ಸರಾಸರಿ ವಯಸ್ಸು, ಗಂಡು ಹೆಣ್ಣಿನ ಪ್ರಮಾಣ ಎಲ್ಲವೂ ಒಟ್ಟು ಪ್ರೇಕ್ಷಕರಿಗೆ ಹೊಂದುತ್ತದೆಯೇ ಎಂದು ನೋಡಿಕೊಂಡರಾಯಿತು.

ಎಣಿಕೆಪುಸ್ತಕ

ಅದು ಕೋಟಾ ತುಂಬಿಸುವುದು, ಸ್ತರೀಕೃತ ಮಾದರಿಯಲ್ಲ. ಹೊರಗಿನಿಂದ ಎರಡೂ ಒಂದೇ ರೀತಿ ಕಾಣುತ್ತವೆ. ವ್ಯತ್ಯಾಸ ಇರುವುದು ಗುಂಪಿನ ಒಳಗೆ. ಆ 40 ಯುವಕರನ್ನು ಆರಿಸಿದ್ದು ಯಾರು? ಬಾಗಿಲಲ್ಲಿ ನಿಂತವರ ಕಣ್ಣು. ಅವಸರದಲ್ಲಿರುವವರನ್ನು ಬಿಟ್ಟು, ನಗುಮುಖದಿಂದ ನಿಧಾನವಾಗಿ ಬರುವವರನ್ನು ತಡೆದು ಕೇಳುವುದು ಸಹಜ. ಸ್ತರೀಕೃತ ಮಾದರಿಯಲ್ಲಿ ಗುಂಪಿನ ಒಳಗೂ ಚೀಟಿಯೇ ಎತ್ತಬೇಕು.

ಸರಾಸರಿ ಹೊಂದಿದರೆ ಸಾಕು ಎನ್ನುವ ವಿಚಾರವನ್ನು ಬಹಳ ಹಿಂದೆಯೇ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದಾರೆ. ಇಟಲಿಯ ಜಿನಿ ಮತ್ತು ಗಾಲ್ವಾನಿ ಅವರಿಗೆ 1921ರ ಜನಗಣತಿಯ ದಾಖಲೆಗಳಲ್ಲಿ ಒಂದು ಭಾಗವನ್ನು ಮಾತ್ರ ಉಳಿಸಿಕೊಳ್ಳಬೇಕಿತ್ತು. 214 ಆಡಳಿತ ವಿಭಾಗಗಳಲ್ಲಿ 29ನ್ನು ಆರಿಸಿದರು. ಏಳು ಲಕ್ಷಣಗಳ ಸರಾಸರಿ ಇಡೀ ದೇಶದ ಸರಾಸರಿಗೆ ಹೊಂದುವಂತೆ ಹುಡುಕಿ ಆರಿಸಿದ ವಿಭಾಗಗಳವು. ಆಮೇಲೆ ನೋಡಿದರೆ, ಆ ಏಳನ್ನು ಬಿಟ್ಟು ಬೇರೆ ಲಕ್ಷಣಗಳಲ್ಲಿ ಮಾದರಿಗೂ ದೇಶಕ್ಕೂ ಭಾರಿ ಅಂತರ. 1934ರಲ್ಲಿ ಸಂಖ್ಯಾಶಾಸ್ತ್ರಜ್ಞ ನೇಮನ್ ತಮ್ಮ ಪ್ರಬಂಧದಲ್ಲಿ ಈ ಉದಾಹರಣೆಯನ್ನೇ ಎತ್ತಿಕೊಂಡು, ಹೆಕ್ಕುವುದಕ್ಕಿಂತ ಸ್ತರ ಮಾಡಿ ಒಳಗೆ ಚೀಟಿ ಎತ್ತುವುದು ಏಕೆ ಮೇಲು ಎಂದು ವಾದಿಸಿದರು. ವಯಸ್ಸು, ಲಿಂಗ ಹೊಂದಿದ ಮಾತ್ರಕ್ಕೆ ನಾಟಕದ ಮೇಲಿನ ಒಲವು ಹೊಂದಬೇಕೆಂದೇನೂ ಇಲ್ಲ.

ಪಟ್ಟಿಗಾರ

ಬಾಗಿಲಲ್ಲಿ ಬರುವವರ ಪಟ್ಟಿ ನಮ್ಮ ಬಳಿ ಇರಲಿಲ್ಲ. ಇಲ್ಲದ ಪಟ್ಟಿಯಿಂದ ಚೀಟಿ ಎತ್ತುವುದು ಹೇಗೆ?

ಸಾಲುದೀಪ

ಬಾಗಿಲು ದಾಟುವ ಪ್ರತಿ ಹತ್ತನೆಯವರನ್ನು ಕೇಳಿದರೆ ಆಯಿತು. ಯಾರು ಎಂದು ನೀವು ಆರಿಸುವುದಿಲ್ಲ, ಎಣಿಕೆ ಆರಿಸುತ್ತದೆ. ಒಬ್ಬರು ಎಣಿಸಲು, ಇನ್ನೊಬ್ಬರು ಕೇಳಲು ಬೇಕಾಗುತ್ತದೆ, ಅಷ್ಟೇ.

ನೇಪಥ್ಯ

ಎಲ್ಲರಿಗೂ ಧನ್ಯವಾದ. ಮೊದಲು ಮುಂಜಾವು ಅವರು ಹೇಳಿದಂತೆ ಮಾತುಕತೆಗಳು, ಆಮೇಲೆ ಪಟ್ಟಿಯಿಂದ ಸ್ತರೀಕೃತ ಕರೆಗಳು ಎಂದು ತಂಡದಲ್ಲಿ ಒಪ್ಪಿಗೆಯಾಗಿದೆ. ಈಗ ಜಗಳ ಹಂಚಿಕೆಯದ್ದು. 120 ಕರೆಗಳನ್ನು ಪ್ರಮಾಣಕ್ಕೆ ಸರಿಯಾಗಿ ಹಂಚಿದರೆ ಕಾಯಂ ಪ್ರೇಕ್ಷಕರು 12, ನಡುವಿನವರು 36, ಒಮ್ಮೆ ಬಂದವರು 72. ಹನ್ನೆರಡೇ ಕಾಯಂ ಪ್ರೇಕ್ಷಕರಿಂದ ಏನು ತಿಳಿಯುತ್ತದೆ, ಮೂರಕ್ಕೂ 40 ಇಡೋಣ ಎಂದು ಕೆಲವರು ಹೇಳುತ್ತಿದ್ದಾರೆ. ಯಾವುದು ಸರಿ?

ಎಣಿಕೆಪುಸ್ತಕ

ಎರಡನ್ನೂ ಲೆಕ್ಕ ಹಾಕಿ ನೋಡೋಣ. ಮುಂದಿನ ಅಂಕಿಗಳು ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು. ಮೂರು ಗುಂಪಿಗೂ 40ರಂತೆ ಕರೆ ಮಾಡಿದಿರಿ. ‘ಒಂದು ಗಂಟೆ ಮುಂಚೆ ಆದರೆ ಅನುಕೂಲ’ ಎಂದವರು ಕಾಯಂ ಪ್ರೇಕ್ಷಕರಲ್ಲಿ 10, ನಡುವಿನವರಲ್ಲಿ 16, ಒಮ್ಮೆ ಬಂದವರಲ್ಲಿ 24. ಒಟ್ಟು ಕೂಡಿಸಿದರೆ 120ರಲ್ಲಿ 50, ಅಂದರೆ ಶೇ 42ರ ಹತ್ತಿರ. ಬಹುಮತ ಇಲ್ಲ, ಸಮಯ ಬದಲಿಸುವುದು ಬೇಡ ಎಂದು ತೀರ್ಮಾನಿಸುತ್ತೀರಿ.

ಆದರೆ ಕಾಯಂ ಪ್ರೇಕ್ಷಕರು ಪಟ್ಟಿಯಲ್ಲಿ ಇರುವುದು ಹತ್ತನೆಯ ಒಂದು ಭಾಗ, ನಿಮ್ಮ ಮಾದರಿಯಲ್ಲಿ ಮೂರನೆಯ ಒಂದು ಭಾಗ. ಪ್ರತಿ ಗುಂಪಿಗೂ ಪಟ್ಟಿಯಲ್ಲಿರುವ ಪಾಲನ್ನು ಮರಳಿ ಕೊಡಬೇಕು. ಅವರ ಶೇಕಡಾವಾರು 25, 40 ಮತ್ತು 60. ಹಾಗಾಗಿ:

```
0.10 × 25 + 0.30 × 40 + 0.60 × 60 = 50.5
```

ಶೇ 42 ಇದ್ದದ್ದು 50.5 ಆಯಿತು. ತೀರ್ಮಾನವೇ ತಿರುಗಿಬಿತ್ತು. ಸಮನಾಗಿ ಹಂಚಿ, ತೂಕ ಕೊಡಲು ಮರೆತರೆ ಸ್ತರ ಮಾಡಿದ್ದೇ ದೋಷಕ್ಕೆ ಕಾರಣವಾಗುತ್ತದೆ. ಈ ಹೆಜ್ಜೆಯನ್ನು ಬಿಟ್ಟ ವರದಿಗಳನ್ನು ನಾನು ಬಹಳ ನೋಡಿದ್ದೇನೆ.

ಇನ್ನು ಏರುಪೇರು. ಇದೇ ಅಂಕಿಗಳಿಗೆ 40-40-40 ಹಂಚಿಕೆಯಲ್ಲಿ ಒಟ್ಟು ಉತ್ತರ ಸುಮಾರು 10.3 ಅಂಶ ಆಚೀಚೆ ಇರಬಹುದು. 12-36-72 ಹಂಚಿದರೆ ಸುಮಾರು 8.7. ಒಮ್ಮೆ ಬಂದವರ ಗುಂಪು ದೊಡ್ಡದು, ಅಲ್ಲಿ ಕರೆಗಳನ್ನು ಕಡಿತ ಮಾಡಿದ್ದರ ದಂಡ ಅದು. ನನ್ನ ಸಲಹೆ ನಡುವಿನ ದಾರಿ: 24-36-60. ಒಟ್ಟು ಉತ್ತರದ ಏರುಪೇರು 9ರ ಆಸುಪಾಸಿನಲ್ಲೇ ಉಳಿಯುತ್ತದೆ, ಕಾಯಂ ಪ್ರೇಕ್ಷಕರ ಸಂಖ್ಯೆ ಮಾತ್ರ ಇಮ್ಮಡಿಯಾಗುತ್ತದೆ. ಆ 24 ಜನರ ಉತ್ತರವೂ 16, 17 ಅಂಶ ಆಚೀಚೆ ಹೋಗಬಹುದು ಎನ್ನುವುದು ನೆನಪಿರಲಿ. ಕಾಯಂ ಪ್ರೇಕ್ಷಕರಲ್ಲಿ ನಾಲ್ಕನೆಯ ಒಂದು ಭಾಗವೋ ಅರ್ಧವೋ ಎಂದು ಹೇಳಬಹುದು. ಶೇ 25 ಇದೆ, ಹೋದ ವರ್ಷ 31 ಇತ್ತು ಎಂಬ ಹೋಲಿಕೆಗೆ ಇಳಿಯಬೇಡಿ.

ಚೀಟಿ ಎತ್ತುವುದು ಸುಲಭ. ಎಕ್ಸೆಲ್‌ನಲ್ಲಿ ಮೂರು ಗುಂಪುಗಳನ್ನು ಬೇರೆ ಬೇರೆ ಹಾಳೆ ಮಾಡಿ, ಪ್ರತಿ ಹೆಸರಿನ ಪಕ್ಕದಲ್ಲಿ `=RAND()` ಬರೆದು, ಬಂದ ಸಂಖ್ಯೆಗಳನ್ನು ಮೌಲ್ಯಗಳಾಗಿ ಅಂಟಿಸಿ, ಆಮೇಲೆ ಏರಿಕೆ ಕ್ರಮದಲ್ಲಿ ಜೋಡಿಸಿ, ಮೇಲಿನಿಂದ ಬೇಕಾದಷ್ಟು ಹೆಸರು ತೆಗೆದುಕೊಳ್ಳಿ. ಮೌಲ್ಯಗಳಾಗಿ ಅಂಟಿಸದಿದ್ದರೆ ಹಾಳೆ ತೆರೆದಾಗಲೆಲ್ಲ ಸಂಖ್ಯೆಗಳು ಬದಲಾಗಿ, ಯಾರನ್ನು ಆರಿಸಿದ್ದಿರಿ ಎನ್ನುವುದೇ ಕಳೆದುಹೋಗುತ್ತದೆ.

ದಾರಿಹೋಕ

ಒಂದು ಪ್ರಶ್ನೆ. ಸ್ತರ ಏನೂ ಮಾಡದೆ 1,800ರಿಂದ ನೇರವಾಗಿ 120 ಚೀಟಿ ಎತ್ತಿದರೆ ಏರುಪೇರು ಎಷ್ಟು?

ಎಣಿಕೆಪುಸ್ತಕ

ಸುಮಾರು 8.9.

ದಾರಿಹೋಕ

8.9 ಇದ್ದದ್ದು 8.7 ಆಯಿತು. ಇಷ್ಟಕ್ಕೆ ಇಷ್ಟೊಂದು ವಾದವೇ?

ಎಣಿಕೆಪುಸ್ತಕ

ಒಳ್ಳೆಯ ಪ್ರಶ್ನೆ, ಪಠ್ಯಪುಸ್ತಕಗಳು ಇದನ್ನು ಒತ್ತಿ ಹೇಳುವುದಿಲ್ಲ. ಗುಂಪು ಗುಂಪುಗಳ ನಡುವೆ ಅಂತರ ಅಗಾಧವಾಗಿದ್ದಾಗ ಮಾತ್ರ ಸ್ತರದಿಂದ ನಿಖರತೆ ಚೆನ್ನಾಗಿ ಏರುತ್ತದೆ. ಹೌದು, ಅಲ್ಲ ಎಂಬ ಉತ್ತರದ ಪ್ರಶ್ನೆಗಳಲ್ಲಿ 25, 40, 60 ಎಂಬ ಅಂತರವೂ ಹೆಚ್ಚೇನೂ ಅಲ್ಲ. ಸ್ತರದ ನಿಜವಾದ ಪ್ರಯೋಜನ ಬೇರೆ. ನೇರ ಚೀಟಿಯಲ್ಲಿ ಕಾಯಂ ಪ್ರೇಕ್ಷಕರು 6 ಬರಬಹುದು, 18 ಬರಬಹುದು, ಅದೃಷ್ಟ. ಸ್ತರ ಮಾಡಿದರೆ ಆ ಗುಂಪಿನ ಬಗ್ಗೆ ಪ್ರತ್ಯೇಕವಾಗಿ ಮಾತನಾಡಲು ಎಷ್ಟು ಜನ ಬೇಕು ಎನ್ನುವುದನ್ನು ನೀವೇ ನಿರ್ಧರಿಸುತ್ತೀರಿ. ಗುಂಪುಗಳ ಬಗ್ಗೆ ಪ್ರತ್ಯೇಕವಾಗಿ ಹೇಳುವುದೇನೂ ಇಲ್ಲ ಎಂದಾದರೆ ನೇರ ಚೀಟಿ ಸಾಕು.

ಅಂಚೆಪೆಟ್ಟಿಗೆ

ವಿಷಯದಿಂದ ಸ್ವಲ್ಪ ಹೊರಗೆ ಬರುತ್ತಿದ್ದೇನೆ. ಜನ ಟಿಕೆಟ್‌ಗಾಗಿ ಕೊಟ್ಟ ಫೋನ್ ಸಂಖ್ಯೆಗೆ ಸಮೀಕ್ಷೆಯ ಕರೆ ಮಾಡಬಹುದೇ? ಕಾಯ್ದಿರಿಸುವಾಗ ಅದಕ್ಕೆ ಒಪ್ಪಿಗೆ ಕೇಳಿದ್ದೀರಾ? ನನಗೆ ಹೀಗೆ ಕರೆ ಬಂದರೆ ನಾನು ಆ ತಂಡದ ನಾಟಕಕ್ಕೆ ಮತ್ತೆ ಹೋಗುವುದಿಲ್ಲ.

ನೇಪಥ್ಯ

ನಮ್ಮ ಟಿಕೆಟ್ ಕಾಯ್ದಿರಿಸುವ ಅರ್ಜಿಯಲ್ಲಿ ‘ಅಭಿಪ್ರಾಯ ಕೇಳಲು ಸಂಪರ್ಕಿಸಬಹುದು’ ಎಂಬ ಸಾಲಿನ ಮುಂದೆ ಗುರುತು ಹಾಕುವ ಜಾಗವಿತ್ತು. ಗುರುತು ಹಾಕಿದವರಷ್ಟೇ ಈ 1,800.

ಅಂಚೆಪೆಟ್ಟಿಗೆ

ಹಾಗಾದರೆ ನನ್ನಂಥವರ ಅಭಿಪ್ರಾಯ ನಿಮಗೆ ಎಂದೂ ಸಿಗುವುದಿಲ್ಲ. ಗುರುತು ಹಾಕದವರು ಎಷ್ಟು ಜನ ಎಂದಾದರೂ ವರದಿಯಲ್ಲಿ ಬರೆಯಿರಿ.

ಸಾಲುದೀಪ

ಅದಕ್ಕಿಂತ ದೊಡ್ಡ ತೊಂದರೆ ಫೋನ್ ಎತ್ತದವರದ್ದು. ನಾನು ಬೇರೊಂದು ಸಮೀಕ್ಷೆಗೆ ಕರೆ ಮಾಡುತ್ತಿದ್ದೆ. ಎತ್ತದಿದ್ದರೆ ಪಟ್ಟಿಯ ಮುಂದಿನ ಹೆಸರಿಗೆ ಹೋಗಿ ಎಂದಿದ್ದರು. ಸಂಜೆ ಹೊತ್ತಿನಲ್ಲಿ ಮಾತ್ರ ಕರೆ. ಸಂಜೆ ಬಿಡುವಾಗಿರುವವರೇ ಸಾಲುಸಾಲಾಗಿ ಸಿಕ್ಕರು. ನೇಪಥ್ಯ ಅವರು ಕೇಳಹೊರಟಿರುವುದೇ ಸಂಜೆಯ ಸಮಯದ ಬಗ್ಗೆ. ಕೆಲಸದಿಂದ ತಡವಾಗಿ ಬಿಡುಗಡೆಯಾಗುವವರು ಸಂಜೆಯ ಕರೆಗೂ ಸಿಗುವುದಿಲ್ಲ, ಒಂದು ಗಂಟೆ ಮುಂಚಿನ ಪ್ರದರ್ಶನಕ್ಕೂ ಬರಲಾರರು. ಅವರು ಹೊರಗುಳಿದರೆ ‘ಮುಂಚೆ ಮಾಡಿ’ ಎನ್ನುವವರ ಪ್ರಮಾಣ ಸುಳ್ಳೇ ಏರುತ್ತದೆ.

ಎಣಿಕೆಪುಸ್ತಕ

ಸಾಲುದೀಪ ಅವರು ಹೇಳಿದ್ದು ಈ ಇಡೀ ಚರ್ಚೆಯಲ್ಲಿ ಅತ್ಯಂತ ಉಪಯುಕ್ತ ಮಾತು. ಚೀಟಿ ಎತ್ತಿದ ಶ್ರಮವೆಲ್ಲ ವ್ಯರ್ಥವಾಗುವುದು ಇಲ್ಲಿಯೇ.

ಮೂವರಲ್ಲಿ ಒಬ್ಬರು ಸಿಗುತ್ತಾರೆ ಎಂದುಕೊಂಡರೆ 120 ಮಾತುಕತೆಗೆ 360 ಹೆಸರು ಬೇಕು. ಆದರೆ 360ನ್ನೂ ಒಮ್ಮೆಗೇ ಹುಡುಗರ ಕೈಗೆ ಕೊಡಬೇಡಿ, ಬೇಗ ಎತ್ತುವವರಿಂದಲೇ 120 ತುಂಬಿಬಿಡುತ್ತದೆ. 60 ಹೆಸರುಗಳ ಕಂತುಗಳಾಗಿ ಮಾಡಿ, ಪ್ರತಿ ಕಂತಿನಲ್ಲೂ 12-18-30ರ ಪ್ರಮಾಣ ಇರಲಿ. ಒಂದು ಕಂತಿನ ಪ್ರತಿ ಸಂಖ್ಯೆಗೂ ಬೆಳಗ್ಗೆ, ಮಧ್ಯಾಹ್ನ, ರಾತ್ರಿ, ರಜಾದಿನ ಎಂದು ಹೊತ್ತು ಬದಲಿಸಿ ನಾಲ್ಕೈದು ಬಾರಿ ಪ್ರಯತ್ನಿಸಿದ ಮೇಲೆಯೇ ಮುಂದಿನ ಕಂತು ತೆರೆಯಬೇಕು. ಎಷ್ಟನೆಯ ಪ್ರಯತ್ನಕ್ಕೆ ಸಿಕ್ಕರು ಎಂದು ಪ್ರತಿ ಹೆಸರಿನ ಮುಂದೆ ಬರೆಯಿರಿ.

ಆ ಅಂಕಣವೇ ನಿಮ್ಮ ಪರೀಕ್ಷೆ. ಮೊದಲ ಕರೆಗೇ ಸಿಕ್ಕವರ ಉತ್ತರವನ್ನೂ ನಾಲ್ಕನೆಯ ಕರೆಗೆ ಸಿಕ್ಕವರ ಉತ್ತರವನ್ನೂ ಬೇರೆ ಮಾಡಿ ಹೋಲಿಸಿ. ಎರಡೂ ಹತ್ತಿರವಿದ್ದರೆ ಎತ್ತದೇ ಉಳಿದವರ ಬಗ್ಗೆ ಚಿಂತೆ ಕಡಿಮೆ. ಮೊದಲಿನವರಲ್ಲಿ ಹೆಚ್ಚಿನವರು ‘ಮುಂಚೆ ಆಗಲಿ’ ಎಂದು, ಕಷ್ಟಪಟ್ಟು ಸಿಕ್ಕವರು ‘ಬೇಡ’ ಎಂದಿದ್ದರೆ, ಸಿಗದೇ ಹೋದವರು ಇನ್ನೂ ಹೆಚ್ಚಾಗಿ ‘ಬೇಡ’ ಎನ್ನುವವರೇ ಇರಬಹುದು. ಆಗ 50.5 ಎಂಬ ಅಂಕಿಯನ್ನು ಹಿಡಿದುಕೊಂಡು ಸಮಯ ಬದಲಿಸಬೇಡಿ.

ಪಟ್ಟಿಗಾರ

ನಾಲ್ಕೈದು ಬಾರಿ ಕರೆ ಮಾಡಿದರೆ ಜನ ಸಿಟ್ಟಾಗುತ್ತಾರೆ. ಎರಡು ಸಾಕು. ಸಣ್ಣ ತಂಡಕ್ಕೆ ಹೆಸರು ಕೆಡಿಸಿಕೊಳ್ಳುವುದು ದುಬಾರಿ.

ಅಂಚೆಪೆಟ್ಟಿಗೆ

ಇದಕ್ಕೆ ನನ್ನ ಪೂರ್ಣ ಬೆಂಬಲ. ಮೊದಲ ಕರೆಗೆ ಮುನ್ನ ಒಂದು ಸಂದೇಶ ಕಳುಹಿಸಿ, ಬೇಡ ಎಂದವರನ್ನು ಬಿಟ್ಟುಬಿಡಿ.

ಎಣಿಕೆಪುಸ್ತಕ

ಸಂದೇಶ ಕಳುಹಿಸುವುದಕ್ಕೆ ಒಪ್ಪುತ್ತೇನೆ. ಎರಡೇ ಕರೆ ಎನ್ನುವುದಕ್ಕೆ ಒಪ್ಪುವುದಿಲ್ಲ.

ಕಿವಿಮಾತು

ಇನ್ನೊಂದು ಸಂಗತಿ ಯಾರೂ ಎತ್ತಲಿಲ್ಲ. ಆ ಪಟ್ಟಿ ಟಿಕೆಟ್ ಕೊಂಡವರದ್ದು, ನಾಟಕ ನೋಡಿದವರದ್ದಲ್ಲ. ಒಬ್ಬರು ನಾಲ್ಕು ಟಿಕೆಟ್ ಕೊಂಡರೆ ಮೂವರು ಪಟ್ಟಿಯ ಹೊರಗೆ. ಮನೆಯ ಹಿರಿಯರೋ ಗೆಳೆಯರ ಗುಂಪಿನ ಉತ್ಸಾಹಿಯೋ ಕೊಂಡಿರುತ್ತಾರೆ. ಎಳೆದುಕೊಂಡು ಬಂದವರಿಗೆ ಇಷ್ಟವಾಯಿತೇ ಇಲ್ಲವೇ ಎಂದು ಕೇಳುವವರು ಯಾರು?

ಎಣಿಕೆಪುಸ್ತಕ

ಇಲ್ಲಿ ನಿಮ್ಮ ಸ್ನೋಬಾಲ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಗುಡ್‌ಮನ್ 1961ರಲ್ಲಿ ಸ್ನೋಬಾಲ್ ಬಗ್ಗೆ ಬರೆದಾಗ ಅವರ ಸರಪಳಿ ಆರಂಭವಾದದ್ದು ಚೀಟಿ ಎತ್ತಿ ಆರಿಸಿದ ಜನರಿಂದ. ಕೈಗೆ ಸಿಕ್ಕ ಗೆಳೆಯರಿಂದ ಶುರು ಮಾಡುವುದು ಆಮೇಲೆ ರೂಢಿಯಾಯಿತು.

ನೇಪಥ್ಯ ಅವರು ಹೇಗೂ 120 ಜನರನ್ನು ಚೀಟಿ ಎತ್ತಿಯೇ ಆರಿಸುತ್ತಾರೆ. ಮಾತು ಮುಗಿಯುವಾಗ ‘ಕಳೆದ ಬಾರಿ ನಿಮ್ಮ ಜೊತೆ ಎಷ್ಟು ಜನ ಬಂದಿದ್ದರು’ ಎಂದು ಕೇಳಲಿ. ಬಂದವರಲ್ಲಿ ಯಾರ ಹುಟ್ಟುಹಬ್ಬ ಮುಂದೆ ಮೊದಲು ಬರುತ್ತದೋ ಅವರೊಬ್ಬರನ್ನು ಸಂಪರ್ಕಿಸಲು ದಾರಿ ಕೇಳಲಿ. ಹುಟ್ಟುಹಬ್ಬದ ಲೆಕ್ಕ ಏಕೆಂದರೆ, ‘ಯಾರಾದರೊಬ್ಬರ ಸಂಖ್ಯೆ ಕೊಡಿ’ ಎಂದರೆ ಅತ್ಯಂತ ಉತ್ಸಾಹಿಯ ಸಂಖ್ಯೆಯೇ ಬರುತ್ತದೆ. ಮೂವರು ಜೊತೆಗಾರರಲ್ಲಿ ಒಬ್ಬರು ಸಿಕ್ಕರೆ ಆ ಉತ್ತರ ಮೂವರ ಪರವಾಗಿ ನಿಲ್ಲುತ್ತದೆ, ಹಾಗಾಗಿ ತೂಕವನ್ನು ಮೂರರಿಂದ ಗುಣಿಸಬೇಕು. ಸರಪಳಿ ಅಲ್ಲಿಗೇ ನಿಲ್ಲಲಿ, ಒಂದೇ ಕೊಂಡಿ.

ಕಿವಿಮಾತು

ಅದೇ ಜೊತೆಗಾರರು ಇನ್ನೊಬ್ಬರ ಟಿಕೆಟ್‌ನಲ್ಲೂ ಬಂದಿದ್ದರೆ? ಅವರು ಸಿಗುವ ಸಾಧ್ಯತೆ ಇಮ್ಮಡಿಯಲ್ಲವೇ?

ಎಣಿಕೆಪುಸ್ತಕ

ಹೌದು. ‘ವರ್ಷದಲ್ಲಿ ಬೇರೆ ಯಾರ ಜೊತೆಗೆಲ್ಲ ಬಂದಿದ್ದಿರಿ’ ಎಂದು ಅವರನ್ನೂ ಕೇಳಬೇಕಾಗುತ್ತದೆ. ನೀವು ಮೊದಲು ಎತ್ತಿದ ಆಕ್ಷೇಪವೇ ಇಲ್ಲಿಗೂ ಬರುತ್ತದೆ, ಜನರ ನೆನಪನ್ನು ಎಷ್ಟು ನಂಬುವುದು ಎಂದು. ನನ್ನ ಬಳಿ ಅದಕ್ಕೆ ಪೂರ್ಣ ಪರಿಹಾರ ಇಲ್ಲ. ಜೊತೆಗಾರರ ಉತ್ತರಗಳನ್ನು ಬೇರೆಯೇ ಕೋಷ್ಟಕದಲ್ಲಿ ಇಡಿ, 120ರೊಂದಿಗೆ ಬೆರೆಸಬೇಡಿ.

ಮುಂಜಾವು

ನೇಪಥ್ಯ ಅವರೇ, ಆ 1,080 ಜನರಲ್ಲಿ ಇತ್ತೀಚೆಗಷ್ಟೇ ಮೊದಲ ಬಾರಿ ಬಂದವರು ಎಷ್ಟು ಮಂದಿ? ಹೋದ ತಿಂಗಳು ಬಂದವರಿಗೆ ಮತ್ತೆ ಬರಲು ಅವಕಾಶವೇ ಸಿಕ್ಕಿಲ್ಲ. ಅವರನ್ನು ‘ಮತ್ತೆ ಏಕೆ ಬರಲಿಲ್ಲ’ ಎಂದು ಕೇಳಿದರೆ ಅವರಿಗೂ ಗಲಿಬಿಲಿ, ನಿಮಗೂ ಸುಳ್ಳು ಕಾರಣಗಳು.

ನೇಪಥ್ಯ

ಪಟ್ಟಿ ತೆಗೆದು ನೋಡಿದೆ. ಕಳೆದ ಮೂರು ತಿಂಗಳಲ್ಲಿ ಮೊದಲ ಬಾರಿ ಬಂದವರು 220 ಮಂದಿ ಇದ್ದಾರೆ. ಅವರನ್ನು ಪಟ್ಟಿಯಿಂದಲೇ ತೆಗೆದು, 860ರಿಂದ 60 ಚೀಟಿ ಎತ್ತಲೇ?

ಎಣಿಕೆಪುಸ್ತಕ

ಪಟ್ಟಿಯಿಂದ ತೆಗೆಯಬೇಡಿ, ಅವರೂ ನಿಮ್ಮ ಪ್ರೇಕ್ಷಕರೇ. ಸಮಯದ ಪ್ರಶ್ನೆಗೆ ಅವರ ಉತ್ತರವೂ ಬೇಕು. ಅವರನ್ನು ನಾಲ್ಕನೆಯ ಸ್ತರ ಮಾಡಿ. 60ರಲ್ಲಿ 12 ಅವರಿಗೆ, 48 ಉಳಿದ 860 ಜನರಿಗೆ. ‘ಏಕೆ ಬರಲಿಲ್ಲ’ ಎಂಬ ಪ್ರಶ್ನೆಯನ್ನು ಆ 48 ಜನರಿಗೆ ಮಾತ್ರ ಕೇಳಿ. ಒಟ್ಟು ಲೆಕ್ಕ ಹಾಕುವಾಗ ಪಾಲುಗಳನ್ನು 180, 540, 860, 220 ಎಂದು ಬದಲಿಸಿಕೊಳ್ಳುವುದು ಮರೆಯಬೇಡಿ.

ಮುಂಜಾವು

ಮೂರು ತಿಂಗಳ ಗಡಿ ನಿಮ್ಮ ನಾಟಕಗಳು ಎಷ್ಟು ದಿನಕ್ಕೊಮ್ಮೆ ನಡೆಯುತ್ತವೆ ಎನ್ನುವುದರ ಮೇಲೆ ನಿಂತಿದೆ. ಆ ಅವಧಿಯಲ್ಲಿ ಕನಿಷ್ಠ ಎರಡು ಹೊಸ ಪ್ರಯೋಗಗಳಾದರೂ ಆಗಿರಬೇಕು. ಆಗಿದ್ದವೇ?

ನೇಪಥ್ಯ

ಒಂದೇ ಆಗಿತ್ತು. ಗಡಿಯನ್ನು ಐದು ತಿಂಗಳಿಗೆ ತಳ್ಳಿ ಮತ್ತೆ ಎಣಿಸುತ್ತೇನೆ.